ಎಕ್ಸ್‌ಪ್ರೆಸ್ಸೂ ಪ್ಯಾಸೆಂಜರೂ ಒಂದೇ ಹಳಿ ಮೇಲೆ

ಮೈಸೂರಿನ ಹಾಸ್ಟೆಲಿನಲ್ಲಿ ನಾವು ಮೂವರು ಒಂದೇ ರೂಮಿನಲ್ಲಿ ಮೂರು ವರ್ಷ ಕಳೆದೆವು. ಉಳಿದಿಬ್ಬರ ಹೆಸರನ್ನು ಪೇಪರಿನಲ್ಲಿ ಹಾಕಿದರೆ ನನ್ನ ಗತಿ ಏನಾಗುತ್ತದೆಂದು ಗೊತ್ತಿರುವುದರಿಂದ, ಹಾಸ್ಟೆಲಿನವರೆಲ್ಲ ಕರೆಯುತ್ತಿದ್ದ ಹಾಗೆ ಎಕ್ಸ್‌ಪ್ರೆಸ್, ಪ್ಯಾಸೆಂಜರ್ ಎಂದೇ ಕರೆಯುತ್ತೇನೆ. ಎಕ್ಸ್‌ಪ್ರೆಸ್‌ಳ ಅಪ್ಪ ಬಸ್ ಚಾಲಕರು. ನಸುಕಿನ ಡ್ಯೂಟಿಗೆ ಹೊರಡುವ ಮನೆಯಲ್ಲಿ ಬೆಳೆದವಳು. ಅಲಾರಂ ಹೊಡೆಯುವ ಮೊದಲೇ ಎದ್ದು ಅದನ್ನು ಆರಿಸುವಷ್ಟು ಶಿಸ್ತು. ಪ್ಯಾಸೆಂಜರ್ ಹಾಗಲ್ಲ. ಅವಳು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತಾಳೆ. ಮೆಸ್ಸಿಗೆ ಹೋಗುವ ದಾರಿಯಲ್ಲಿ ಇರುವೆ ಸಾಲು ಕಂಡರೂ ಅದರ ಗೂಡು ಎಲ್ಲಿದೆ ಎಂದು ನೋಡದೆ ಊಟಕ್ಕೆ ಬರುವವಳಲ್ಲ.

ರೂಮಿನಲ್ಲಿ ಇದು ತಮಾಷೆಯ ವಿಷಯವಾಗಿತ್ತು. ಪ್ರವಾಸಕ್ಕೆ ಹೋದಾಗ ತಮಾಷೆಯಾಗಿ ಉಳಿಯಲಿಲ್ಲ.

ಎರಡನೇ ವರ್ಷ ಬಾದಾಮಿ, ಐಹೊಳೆ ನೋಡಲು ಹೋಗಿದ್ದೆವು. ಬಾದಾಮಿಯ ನಾಲ್ಕು ಗುಹೆಗಳನ್ನು ಎಕ್ಸ್‌ಪ್ರೆಸ್ ನೋಡಿ ಮುಗಿಸಿ ಕೆಳಗಿಳಿದು ನೀರಿನ ಬಾಟಲಿ ತುಂಬಿಸಿಕೊಂಡು ಬಂದಾಗ ಪ್ಯಾಸೆಂಜರ್ ಇನ್ನೂ ಮೂರನೇ ಗುಹೆಯ ಕಂಬದ ಮುಂದೆ ನಿಂತಿದ್ದಳು. ಅದು ಹೇಗೋ ನಡೆಯಿತು. ಐಹೊಳೆಯಲ್ಲಿ ನಡೆಯಲಿಲ್ಲ. ಸಂಜೆ ಹೊರಡುವ ಹೊತ್ತಿಗೆ ಪ್ಯಾಸೆಂಜರ್ ಮೇಗುತಿ ಗುಡ್ಡ ಹತ್ತಿದ್ದಳು. ಅಲ್ಲಿನ ಜೈನ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆಸಿದ ಇಮ್ಮಡಿ ಪುಲಕೇಶಿಯ ಶಾಸನವಿದೆ. ಶಾಲೆಯಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ ಶಾಸನ ಕಣ್ಣೆದುರಿಗೆ ಇರುವಾಗ ನೋಡದೆ ಹೇಗೆ ಹೋಗುವುದು ಎಂಬುದು ಅವಳ ವಾದ. ಕೆಳಗೆ ಬಸ್ ನಿಲ್ಲುವಲ್ಲಿ ಮೂರು ಬ್ಯಾಗು ಕಾಯುತ್ತಾ ನಿಂತ ಎಕ್ಸ್‌ಪ್ರೆಸ್‌ಳ ಕಣ್ಣೆದುರಿಗೇ ಬಸ್ ಹೋಯಿತು. ಕೊನೆಗೆ ದುಡ್ಡು ಸುರಿದು ಗಾಡಿ ಮಾಡಿಕೊಂಡು ಬಾದಾಮಿ ಸೇರಿದೆವು. ದಾರಿಯುದ್ದಕ್ಕೂ ಇಬ್ಬರೂ ಒಂದೊಂದು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

“ನಿನ್ನ ಜೊತೆ ಬಂದರೆ ನಾನು ಊರು ನೋಡಲ್ಲ ಕಣೇ, ನಿನ್ನ ಬೆನ್ನು ನೋಡ್ತಾ ನಿಂತಿರ್ತೀನಿ” ಎಂದಳು ಎಕ್ಸ್‌ಪ್ರೆಸ್, ರೂಮಿಗೆ ಬಂದ ಮೇಲೆ.

“ನಿನ್ನ ಜೊತೆ ಬಂದರೆ ನನ್ನನ್ನ ಯಾರೋ ಕುರಿ ಹೊಡ್ಕೊಂಡು ಹೋಗೋ ಹಾಗಿರುತ್ತೆ” ಎಂದಳು ಇವಳು.

ಅದಾದ ಮೇಲೆ ಒಂದೂವರೆ ತಿಂಗಳು ಇಬ್ಬರೂ ನನ್ನ ಮೂಲಕ ಮಾತಾಡಿದರು. “ಬಕೆಟ್ ಖಾಲಿ ಇದೆಯಾ ಅಂತ ಕೇಳು” ಎಂಬುದನ್ನು ಆರಡಿ ದೂರದಲ್ಲಿ ಕೂತವಳಿಗೆ ನಾನು ತಲುಪಿಸಬೇಕಿತ್ತು. ಕೊನೆಯ ವರ್ಷ ಜನವರಿಯಲ್ಲಿ ಹಂಪಿಗೆ ಹೋಗುವುದೆಂದು ಮೊದಲ ವರ್ಷದಲ್ಲೇ ಮೂವರೂ ಮಾತಾಡಿಕೊಂಡಿದ್ದೆವು. ಆ ಮಾತು ಬಂದಾಗ ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಒಂದೇ ಮಾತು ಹೇಳಿದರು: “ಅವಳು ಬಂದರೆ ನಾನು ಬರಲ್ಲ.”

ನ್ಯಾಯ ಪಂಚಾಯಿತಿ ಮಾಡಲು ಕೂರುವ ಮೊದಲು ನಾನು ಒಂದು ಕೆಲಸ ಮಾಡಿದೆ. ಐಹೊಳೆಯಲ್ಲಿ ಇಬ್ಬರೂ ತೆಗೆದ ಫೋಟೊಗಳು ನನ್ನ ಫೋನಿನಲ್ಲೂ ಇದ್ದವು. ಪ್ರತಿ ಫೋಟೊದ ಹಿಂದೆ ತೆಗೆದ ಸಮಯ ಇರುತ್ತದಲ್ಲ, ಒಂದೊಂದು ಗುಡಿಯಲ್ಲೂ ಇಬ್ಬರ ಮೊದಲ ಫೋಟೊ, ಕೊನೆಯ ಫೋಟೊ ಹುಡುಕಿ ಬರೆದುಕೊಂಡೆ. ಐಹೊಳೆಯ ದುರ್ಗ ಗುಡಿಯಲ್ಲಿ ಎಕ್ಸ್‌ಪ್ರೆಸ್ ಇದ್ದದ್ದು 20 ನಿಮಿಷ, ಪ್ಯಾಸೆಂಜರ್ ಇದ್ದದ್ದು 70 ನಿಮಿಷ. ಉಳಿದ ಕಡೆಯೂ ಹೆಚ್ಚುಕಡಿಮೆ ಹೀಗೆಯೇ, ಒಂದಕ್ಕೆ ಮೂರು. ಆದರೆ ಒಂದು ಗುಡಿಯ ಕೊನೆಯ ಫೋಟೊಗೂ ಮುಂದಿನ ಗುಡಿಯ ಮೊದಲ ಫೋಟೊಗೂ ನಡುವಿನ ಸಮಯ ಇಬ್ಬರದೂ ಬಹುತೇಕ ಒಂದೇ ಇತ್ತು. ಅಂದರೆ ಪ್ಯಾಸೆಂಜರ್ ನಿಧಾನ ನಡೆಯುವವಳೇ ಅಲ್ಲ. ನಡೆಯುವಾಗ ಸರಿಯಾಗಿಯೇ ನಡೆಯುತ್ತಾಳೆ, ನಿಂತಲ್ಲಿ ನಿಲ್ಲುತ್ತಾಳೆ ಅಷ್ಟೇ. ಎರಡು ವರ್ಷದಿಂದ “ಬೇಗ ಬೇಗ ನಡಿಯೇ” ಎಂದು ನಾವೆಲ್ಲ ಅವಳಿಗೆ ಹೇಳುತ್ತಿದ್ದ ಮಾತಿಗೆ ಅರ್ಥವೇ ಇರಲಿಲ್ಲ.

ಇನ್ನೊಂದು ವಿಷಯವೂ ಆ ಲೆಕ್ಕದಲ್ಲಿ ಕಂಡಿತು. ಇಂಥ ಜೋಡಿ ಇದ್ದಾಗ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಮಧ್ಯದ ದಾರಿ: ಅವಳಿಗೆ 20, ಇವಳಿಗೆ 70, ಹಾಗಾದರೆ 45 ನಿಮಿಷಕ್ಕೆ ಹೊರಡೋಣ. ಕೇಳಲು ನ್ಯಾಯವಾಗಿದೆ. ಆದರೆ ಆಗುವುದೇನು? ಒಬ್ಬಳು 25 ನಿಮಿಷ ಗೇಟಿನ ಹತ್ತಿರ ಕಲ್ಲು ಒದೆಯುತ್ತಾ ನಿಲ್ಲುತ್ತಾಳೆ, ಇನ್ನೊಬ್ಬಳು ಮುಗಿಯದ್ದನ್ನು ಬಿಟ್ಟು 25 ನಿಮಿಷ ಮೊದಲೇ ಹೊರಡುತ್ತಾಳೆ. ದಿನಕ್ಕೆ ನಾಲ್ಕು ಜಾಗ ಎಂದರೆ ಒಬ್ಬಳು ನೂರು ನಿಮಿಷ ಕಾದಿದ್ದಾಳೆ, ಇನ್ನೊಬ್ಬಳು ನೂರು ನಿಮಿಷ ಕಳೆದುಕೊಂಡಿದ್ದಾಳೆ. ಇಬ್ಬರಿಗೂ ತಾನೇ ಬಿಟ್ಟುಕೊಟ್ಟವಳು ಅನ್ನಿಸುತ್ತದೆ. ಹಾಗನ್ನಿಸುವುದು ಸುಳ್ಳೂ ಅಲ್ಲ.

ಹಾಗಾಗಿ ಹಂಪಿಗೆ ನಾನು ಮುಂದಿಟ್ಟ ಮೊದಲ ಷರತ್ತು ಇದು: ಒಂದು ಜಾಗಕ್ಕೆ ಮೂವರೂ ಒಟ್ಟಿಗೆ ಒಳಗೆ ಹೋಗುವುದು ಬೇಡ. ಒಟ್ಟಿಗೆ ಹೊರಗೆ ಬರೋಣ.

ಇದನ್ನು ಅರ್ಥ ಮಾಡಿಸಲು ಮೆಸ್ಸಿನ ಟೇಬಲ್ಲಿನ ಮೇಲೆ ನೋಟ್‌ಬುಕ್ ಬಿಚ್ಚಬೇಕಾಯಿತು. ಹಜಾರ ರಾಮನ ಗುಡಿಯನ್ನೇ ಉದಾಹರಣೆಗೆ ತೆಗೆದುಕೊಂಡೆ. ಪ್ಯಾಸೆಂಜರ್‌ಗೆ ಅಲ್ಲಿ ಎರಡು ಗಂಟೆ ಬೇಕು. ಎಕ್ಸ್‌ಪ್ರೆಸ್‌ಗೆ 40 ನಿಮಿಷ ಸಾಕು. ಪ್ಯಾಸೆಂಜರ್ ಮುಕ್ಕಾಲು ಹತ್ತಕ್ಕೆ ಒಳಗೆ ಹೋದರೆ ಮುಕ್ಕಾಲು ಹನ್ನೆರಡಕ್ಕೆ ಮುಗಿಸುತ್ತಾಳೆ. ಎಕ್ಸ್‌ಪ್ರೆಸ್ ಹನ್ನೊಂದು ದಾಟಿದ ಮೇಲೆ ಒಳಗೆ ಬಂದರೆ ಅವಳೂ ಅದೇ ಹೊತ್ತಿಗೆ ಮುಗಿಸುತ್ತಾಳೆ. ನಡುವಿನ ಒಂದೂಕಾಲು ಗಂಟೆಯಲ್ಲಿ ಸೈಕಲ್ಲಿನಲ್ಲಿ ಹತ್ತಿರದ ನಾಲ್ಕು ಜಾಗ ಮುಗಿಸಿಬರಬಹುದು. ಯಾರೂ ಯಾರಿಗೂ ಕಾಯಲಿಲ್ಲ. ಸಿಂಗಲ್ ಲೈನಿನಲ್ಲಿ ಕ್ರಾಸಿಂಗ್ ಮಾಡಿಸುವ ಹಾಗೆ ಎಂದೆ. ಎಕ್ಸ್‌ಪ್ರೆಸ್‌ಗೆ ತಕ್ಷಣ ಹೊಳೆಯಿತು, ಚಾಲಕರ ಮಗಳಲ್ಲವೇ. ಪ್ಯಾಸೆಂಜರ್ ಮಾತ್ರ ನೋಟ್‌ಬುಕ್ಕಿನಲ್ಲಿ ನಾನು ಗೀಚಿದ ಗುಡಿಯ ಚಿತ್ರ ತಪ್ಪಾಗಿದೆ ಎಂದು ತಿದ್ದುತ್ತಾ ಕೂತಳು.

ಎರಡನೆಯದು, ದಿನಕ್ಕೆ ಮೂರು ಗಂಟು. ತಿಂಡಿ, ಊಟ, ಸಂಜೆ. ಈ ಮೂರು ಹೊತ್ತಿನಲ್ಲಿ ಮಾತ್ರ ಎಲ್ಲರೂ ಒಂದು ಕಡೆ ಇರಬೇಕು. ಗಂಟು ಎಲ್ಲಿ ಹಾಕುತ್ತೇವೆ ಎಂಬುದು ಎಷ್ಟು ಹೊತ್ತಿಗೆ ಎಂಬುದಕ್ಕಿಂತ ಮುಖ್ಯ. “ಗುಡಿ ಬಾಗಿಲಲ್ಲಿ ಸಿಗೋಣ” ಎಂದರೆ ಹಂಪಿಯಲ್ಲಿ ಕೆಲಸ ಕೆಟ್ಟಿತು, ಗುಡಿಗೆ ಎರಡು ಮೂರು ಬಾಗಿಲಿರುತ್ತವೆ. ಸಿಗುವ ಜಾಗ ಒಂದೇ ಒಂದು ಇರುವಂಥದ್ದಾಗಿರಬೇಕು, ನೆರಳಿರಬೇಕು, ಕೂರಲು ಜಾಗವಿರಬೇಕು, ಸಾಧ್ಯವಾದರೆ ತಿನ್ನಲು ಏನಾದರೂ ಸಿಗಬೇಕು. ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತಿರುವವಳು ಕಾಯುತ್ತಿರುವವಳಲ್ಲ. ಬಿಸಿಲಲ್ಲಿ ಮೂರು ಬ್ಯಾಗು ಹಿಡಿದು ನಿಂತವಳು ಕಾಯುತ್ತಿರುವವಳು. ಐಹೊಳೆಯ ಜಗಳದ ಅರ್ಧ ಭಾಗ ಆ ಬ್ಯಾಗುಗಳದು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದ್ದರಿಂದ ಬ್ಯಾಗು, ದುಡ್ಡು, ಟಿಕೆಟ್ಟು, ನೀರು ಅವರವರ ಹತ್ತಿರವೇ ಇರಬೇಕು ಎಂದೂ ಸೇರಿಸಿದೆವು.

ಮೂರನೆಯದು, ಗಂಟಿಗೆ ಹದಿನೈದು ನಿಮಿಷದ ರಿಯಾಯಿತಿ. ಅದರೊಳಗೆ ಬರದಿದ್ದರೆ ಬಂದವಳು ಊಟ ಮಾಡಿ ಮುಂದಕ್ಕೆ ಹೋಗುತ್ತಾಳೆ. ಮುಂದಿನ ಗಂಟು ಎಲ್ಲಿ ಎಂದು ಇಬ್ಬರಿಗೂ ಮೊದಲೇ ಗೊತ್ತು. ಹೋದವಳು ಬಿಟ್ಟುಹೋದಳು ಎಂದು ಇವಳು ಅಳುವಂತಿಲ್ಲ, ಬರದವಳು ಅಸಡ್ಡೆ ಮಾಡಿದಳು ಎಂದು ಅವಳು ಮುಖ ಊದಿಸುವಂತಿಲ್ಲ.

ರೈಲು, ದೋಣಿ, ಕತ್ತಲು ಈ ಮೂರಕ್ಕೆ ಮಾತ್ರ ರಿಯಾಯಿತಿ ಇಲ್ಲ. ಅವುಗಳ ಗಡಿಯಾರ ನಮ್ಮ ಕೈಯಲ್ಲಿಲ್ಲ. ಇದನ್ನು ಪ್ಯಾಸೆಂಜರ್ ಕೈಯಿಂದಲೇ ಬರೆಸಿದೆ. ಬರೆದಳು, ಆದರೆ ಅದರ ಕೆಳಗೆ ತನ್ನದೊಂದು ಸಾಲು ಸೇರಿಸಿದಳು: ಬೆಳಗ್ಗೆ ಬೇಗ ಏಳುವವರು ಲೈಟ್ ಹಾಕಬಾರದು, ಪ್ಲಾಸ್ಟಿಕ್ ಕವರ್ ಸದ್ದು ಮಾಡಬಾರದು, ರಾತ್ರಿಯೇ ಎಲ್ಲ ತೆಗೆದಿಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್ ಮೊದಲ ಬಾರಿಗೆ ನಕ್ಕಳು. ಮೂರು ವರ್ಷ ಬೆಳಗಿನ ಜಾವ ಆ ಕವರಿನ ಸರಸರ ಸದ್ದಿಗೆ ಎಚ್ಚರವಾಗುತ್ತಿದ್ದದ್ದು ಅವಳೊಬ್ಬಳೇ ಅಲ್ಲ, ನಾನೂ ಇದ್ದೆ.

ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಮರುದಿನ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದೆವು. ಕಮಲಾಪುರದಲ್ಲಿ ರೂಮು. ಬಾಡಿಗೆಗೆ ಮೂರು ಸೈಕಲ್ಲು. ತಿಂಡಿ ಮುಗಿಸಿ ಅಂದುಕೊಂಡ ಹಾಗೆಯೇ ಪ್ಯಾಸೆಂಜರ್ ಹಜಾರ ರಾಮನ ಗುಡಿ ಸೇರಿದಳು, ನಾನು ಅವಳ ಜೊತೆ. ಎಕ್ಸ್‌ಪ್ರೆಸ್ ರಾಣಿ ಸ್ನಾನಗೃಹದ ಕಡೆಗೆ ಪೆಡಲ್ ತುಳಿದಳು.

ಆ ಗುಡಿಯಲ್ಲಿ ಎರಡು ಗಂಟೆ ಏಕೆ ಬೇಕು ಎಂದು ನನಗೆ ಅಲ್ಲಿ ನಿಂತ ಮೇಲೆಯೇ ತಿಳಿದದ್ದು. ಗುಡಿಯ ಗೋಡೆಯ ಮೇಲೆ ರಾಮಾಯಣದ ಕತೆ ಸಾಲುಸಾಲಾಗಿ, ಒಂದರ ಮೇಲೊಂದು ಪಟ್ಟಿಯಾಗಿ ಕೆತ್ತಿದೆ. ನಿಂತಲ್ಲೇ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿದರೆ ಕತೆ ಕಲಸಿಹೋಗುತ್ತದೆ. ಒಂದು ಸಾಲನ್ನು ಹಿಡಿದು ಗೋಡೆಯ ಗುಂಟ ಸುತ್ತಬೇಕು, ಮತ್ತೆ ಬಂದು ಇನ್ನೊಂದು ಸಾಲು ಹಿಡಿಯಬೇಕು. ಹೊರಗಿನ ಪೌಳಿಗೋಡೆಯದು ಬೇರೆಯೇ ಲೋಕ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳು, ಆಮೇಲೆ ಸೈನಿಕರು, ಕುಣಿಯುವ ಹೆಂಗಸರು. ನವರಾತ್ರಿ ಉತ್ಸವದ ಮೆರವಣಿಗೆ ಕಲ್ಲಲ್ಲಿ ನಿಂತುಬಿಟ್ಟ ಹಾಗಿದೆ. ಪ್ಯಾಸೆಂಜರ್ ಇದನ್ನೆಲ್ಲ ನೋಡಿದ ಕ್ರಮ ಹೇಗಿತ್ತೆಂದರೆ, ಮೊದಲು ಏನನ್ನೂ ಓದದೆ ಒಂದು ಸುತ್ತು, ಆಮೇಲೆ ಸಾಲು ಹಿಡಿದು ಕತೆ ಗುರುತಿಸುತ್ತಾ, ಗೊತ್ತಾಗದ ಕಡೆ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾ. ಅವಸರ ಮಾಡುವವರು ಯಾರೂ ಇಲ್ಲದಿದ್ದರೆ ಅವಳು ಅಲೆಯುವುದಿಲ್ಲ ಎಂಬುದನ್ನು ಅವತ್ತು ಗಮನಿಸಿದೆ. ಹಿಂದೆ “ಹೊರಡೋಣ್ವಾ?” ಎಂದು ಕೇಳಿದಾಗಲೆಲ್ಲ ಗಾಬರಿಯಾಗಿ, ನೋಡಿದ್ದನ್ನೇ ಮತ್ತೆ ನೋಡಲು ಓಡುತ್ತಿದ್ದಳು. ನಾವು ಅವಸರ ಮಾಡಿ ಅವಳನ್ನು ಇನ್ನಷ್ಟು ನಿಧಾನ ಮಾಡುತ್ತಿದ್ದೆವು.

ಹನ್ನೊಂದೂ ಕಾಲಿಗೆ ಎಕ್ಸ್‌ಪ್ರೆಸ್ ಬೆವರು ಸುರಿಸಿಕೊಂಡು ಬಂದಳು. ಪ್ಯಾಸೆಂಜರ್‌ಳ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಆಗ ಆಗಬೇಕಾದದ್ದು ತಾನಾಗಿಯೇ ಆಯಿತು. ಒಂದೂವರೆ ಗಂಟೆ ನೋಡಿದವಳು ಈಗ ಬಂದವಳನ್ನು ಕೈಹಿಡಿದು ಎಳೆದುಕೊಂಡು ಹೋದಳು. “ಎಲ್ಲ ಬೇಡ, ನಾಲ್ಕೇ ನಾಲ್ಕು ತೋರಿಸ್ತೀನಿ.” ದಶರಥನ ಯಾಗದ ಕಡೆ ಒಮ್ಮೆ, ಬಂಗಾರದ ಜಿಂಕೆಯ ಕಡೆ ಒಮ್ಮೆ, ಒಳಗಿನ ನುಣುಪು ಕರಿಕಲ್ಲಿನ ಕಂಬಗಳ ಹತ್ತಿರ ಒಮ್ಮೆ. ಒಂದು ಫಲಕದ ಮುಂದೆ ಇಬ್ಬರೂ ವಾದಕ್ಕೆ ನಿಂತರು, ಅಲ್ಲಿರುವವನು ಲಕ್ಷ್ಮಣನೋ ಭರತನೋ ಎಂದು. ಫೋಟೊದ ಸಮಯ ಆಮೇಲೆ ನೋಡಿದೆ. 40 ನಿಮಿಷ ಸಾಕು ಎಂದವಳು 55 ನಿಮಿಷ ಇದ್ದಳು.

ಅದಕ್ಕಿಂತ ಚೆನ್ನಾಗಿದ್ದದ್ದು ಆಮೇಲೆ. ಹೊರಗೆ ಬಂದು ಸೈಕಲ್ ಬೀಗ ತೆಗೆಯುತ್ತಾ ಎಕ್ಸ್‌ಪ್ರೆಸ್ ಸುಮ್ಮನೆ ಒಂದು ಮಾತು ಹೇಳಿದಳು. ಮಹಾನವಮಿ ದಿಬ್ಬದ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಕರಿಕಲ್ಲಿನ ಪುಷ್ಕರಣಿ ಇದೆಯಲ್ಲ, ಅದರ ಕಲ್ಲುಗಳ ಮೇಲೆ ಅಕ್ಷರ ಗೀಚಿದೆ, ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಕಟ್ಟುವಾಗ ಹಾಕಿದ ಗುರುತಂತೆ, ಯಾರೋ ಗೈಡ್ ಹೇಳುತ್ತಿದ್ದ. ಪ್ಯಾಸೆಂಜರ್ ನಿಂತಲ್ಲೇ ನಿಂತಳು. ಆ ಪುಷ್ಕರಣಿ 1980ರ ದಶಕದಲ್ಲಿ ಉತ್ಖನನದಲ್ಲಿ ಸಿಕ್ಕಿದ್ದೆಂದು ಅವಳಿಗೆ ಗೊತ್ತಿತ್ತು, ಅಕ್ಷರದ ವಿಷಯ ಗೊತ್ತಿರಲಿಲ್ಲ. ಬೇಗ ಓಡಾಡುವವರಿಗೆ ಇರುವ ಲಾಭ ಇದು. ಹತ್ತು ಜಾಗ ಸುತ್ತಿ ಬಂದವಳು ಎಲ್ಲಿ ನಿಲ್ಲಬೇಕು ಎಂಬ ಸುದ್ದಿ ತರುತ್ತಾಳೆ. ಅವಳು ಸುಮ್ಮನೆ ಓಡುತ್ತಾಳೆ ಎಂದು ಮೂರು ವರ್ಷ ಹೇಳುತ್ತಿದ್ದ ಪ್ಯಾಸೆಂಜರ್, ಈಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು “ಇನ್ನೇನು ನೋಡಿದೆ, ಹೇಳು” ಎಂದು ಕೇಳಿ ಬರೆದುಕೊಂಡಳು.

ಬರೆದುಕೊಂಡು ಸುಮ್ಮನಿದ್ದಳೇ? ಊಟಕ್ಕೆ ಮೊದಲೇ ನೋಡಬೇಕೆಂದು ಪುಷ್ಕರಣಿಗೆ ಹೊರಟೇಬಿಟ್ಟಳು. ಒಂದು ಗಂಟೆಗೆ ಕಮಲಾಪುರದ ಹೋಟೆಲಿನಲ್ಲಿ ಗಂಟು. ಒಂದೂ ಕಾಲಾಯಿತು, ಇವಳಿಲ್ಲ. ಹಸಿವು ತಡೆಯುವುದು ಎಕ್ಸ್‌ಪ್ರೆಸ್‌ಗೆ ಆಗದ ಕೆಲಸ, ಬೇಗ ಏಳುವವರ ಹೊಟ್ಟೆಯೂ ಬೇಗ ಏಳುತ್ತದೆ. ಅವಳ ಮುಖ ನೋಡಿದೆ, ಐಹೊಳೆಯ ಬಸ್ ಸ್ಟಾಪಿನ ಮುಖವೇ. ಗಡಿಯಾರ ನೋಡಿದಳು. “ಹದಿನೈದು ನಿಮಿಷ ಆಯ್ತು ತಾನೆ?” ಎಂದು ಎರಡು ಊಟ ತರಲು ಹೇಳಿದಳು. ಒಂದು ಮುಕ್ಕಾಲಿಗೆ ಪ್ಯಾಸೆಂಜರ್ ಮೊಣಕಾಲಿಗೆಲ್ಲ ಧೂಳು ಮೆತ್ತಿಕೊಂಡು ಬಂದಾಗ ನಾವು ತಾಂಬೂಲದ ಹಂತದಲ್ಲಿದ್ದೆವು. ಕೋಪ ಇರಲಿಲ್ಲ, ಮೊಸರನ್ನವೂ ಇರಲಿಲ್ಲ. ಅನ್ನ ಸಾರು ಉಂಡಳು. ಅಷ್ಟೇ ಆಯಿತು ಶಿಕ್ಷೆ.

ಎರಡನೇ ದಿನ ಸೂರ್ಯೋದಯ ಎಕ್ಸ್‌ಪ್ರೆಸ್‌ದು. ಮಾತಂಗ ಬೆಟ್ಟ ಹಂಪಿಯಲ್ಲೇ ಎತ್ತರದ್ದು, ಹತ್ತಲು ಅರ್ಧ ಗಂಟೆ ಬೇಕು, ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಸುಮಾರಿಗೆ. ಅಂದರೆ ಕತ್ತಲಲ್ಲೇ ಬುಡ ಸೇರಬೇಕು. ಒಬ್ಬಳೇ ಹತ್ತುವ ಬೆಟ್ಟ ಅದಲ್ಲ, ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಇಲ್ಲಿ ನಮ್ಮ ಬೇರೆ ಬೇರೆ ಹೋಗುವ ಪದ್ಧತಿಗೆ ಮಿತಿ ಇದೆ. ಹಗಲಲ್ಲಿ ಜನ ಓಡಾಡುವ ಕಡೆ ಮಾತ್ರ ಒಬ್ಬೊಬ್ಬರು, ಉಳಿದ ಕಡೆ ಇಬ್ಬರು. ನಾನು ಅವಳ ಜೊತೆ ಹೋದೆ, ಲಾಡ್ಜಿನ ಇನ್ನೊಂದು ಕುಟುಂಬವೂ ಜೊತೆಗೆ ಸೇರಿತು. ಆ ಬೆಳಗ್ಗೆ ರೂಮಿನಲ್ಲಿ ಲೈಟ್ ಹತ್ತಲಿಲ್ಲ, ಕವರ್ ಸದ್ದಾಗಲಿಲ್ಲ. ಎಕ್ಸ್‌ಪ್ರೆಸ್ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲು ದಾಟಿದ್ದನ್ನು ನಾನು ನೋಡಿದೆ. ಮೂರು ವರ್ಷದ ಲೆಕ್ಕದಲ್ಲಿ ಅದು ದೊಡ್ಡ ಸಂಗತಿ.

ಒಂಬತ್ತಕ್ಕೆ ಹಂಪಿ ಬಜಾರಿನ ಹಿಂದಿನ ಜನತಾ ಪ್ಲಾಟಿನ ಹೋಟೆಲಿನಲ್ಲಿ ಇಡ್ಲಿ, ಮಿರ್ಚಿ. ಪ್ಯಾಸೆಂಜರ್ ಅಷ್ಟರೊಳಗೆ ಆಟೊ ಹಿಡಿದು ಬಂದು ವಿರೂಪಾಕ್ಷನ ಗುಡಿಯಲ್ಲಿ ರಾಜಗೋಪುರದ ನೆರಳು ಹಿಂದಿನ ಕತ್ತಲೆ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ನೋಡಿಕೊಂಡು ಬಂದಿದ್ದಳು. ಕಿಂಡಿಗೆ ಕೈ ಅಡ್ಡ ಹಿಡಿದರೆ ನೆರಳಿಗೇನಾಗುತ್ತದೆ ಎಂದು ಅವಳಿಗೆ ಪ್ರಶ್ನೆ, ಅರ್ಚಕರಿಗೆ ತಲೆನೋವು.

ಅಲ್ಲಿಂದ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗಲು ಎರಡು ದಾರಿ ಆರಿಸಿಕೊಂಡೆವು. ಇದೇ ನಮ್ಮ ಯೋಜನೆಯ ಒಳ್ಳೆಯ ಭಾಗ. ಬಜಾರಿನ ತುದಿಯ ಎದುರು ಬಸವಣ್ಣನ ಕಡೆಯಿಂದ ತುಂಗಭದ್ರೆಯ ದಡ ಹಿಡಿದು ಕೋದಂಡರಾಮನ ಗುಡಿ, ರಾಜನ ತುಲಾಭಾರದ ಕಲ್ಲುಕಂಬ ದಾಟಿ ವಿಠ್ಠಲನ ಗುಡಿಗೆ ನಡೆದರೆ ಸುಮಾರು ಎರಡು ಕಿಲೋಮೀಟರು. ಎಕ್ಸ್‌ಪ್ರೆಸ್‌ಗೆ ಅದು ಅರ್ಧ ಗಂಟೆಯ ಕೆಲಸ. ಪ್ಯಾಸೆಂಜರ್‌ಗೆ ಮೂರು ಗಂಟೆಯ ಊಟ. ಆದ್ದರಿಂದ ಪ್ಯಾಸೆಂಜರ್ ಮತ್ತು ನಾನು ಈ ದಡದಲ್ಲಿ. ಎಕ್ಸ್‌ಪ್ರೆಸ್ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಆಟೊ ಹಿಡಿದು, ಅಂಜನಾದ್ರಿಯ ಐನೂರೆಪ್ಪತ್ತೈದು ಮೆಟ್ಟಿಲು ಹತ್ತಿ ಇಳಿದು, ಆನೆಗೊಂದಿಗೆ ಬಂದು, ಅಲ್ಲಿಂದ ತಳವಾರಘಟ್ಟದ ಕಡೆಗೆ ಹೊಳೆ ದಾಟಿ ವಿಠ್ಠಲನ ಗುಡಿ ಸೇರುವುದು. ಒಬ್ಬಳು ನೇರ ಗೆರೆ, ಇನ್ನೊಬ್ಬಳು ಬಿಲ್ಲಿನ ಹಾಗೆ ಬಾಗಿದ ಗೆರೆ, ಎರಡೂ ತುದಿ ಒಂದೇ ಕಡೆ. ಸಿಗುವ ಜಾಗ ಗುಡಿಯ ಹತ್ತಿರ ಹೊಳೆಯ ದಂಡೆಯಲ್ಲಿರುವ ಪುರಂದರದಾಸರ ಮಂಟಪ. ನೆರಳಿದೆ, ಒಂದೇ ಒಂದಿದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಇದರಲ್ಲಿ ಕೈಕೊಡಬಹುದಾದದ್ದು ದೋಣಿ. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಮಳೆಗಾಲದಲ್ಲಂತೂ ಈ ಯೋಜನೆ ಹಾಕಲೇಬಾರದು, ಆ ಮಂಟಪವೇ ನೀರಲ್ಲಿ ಮುಳುಗಿರುತ್ತದೆ. ನಾವು ಹೋದದ್ದು ಬೇಸಿಗೆಗೆ ಮುಂಚೆ. ಆದರೂ ಆಚೆ ದಡದಿಂದ ವಾಪಸು ದೋಣಿ ಇದೆಯೇ ಎಂದು ಈಚೆ ದಡದಲ್ಲೇ ಕೇಳಿಕೊಂಡು ಹತ್ತಬೇಕು ಎಂದು ಎಕ್ಸ್‌ಪ್ರೆಸ್‌ಗೆ ಹೇಳಿದ್ದೆವು. ಬಂಡೆಗಳ ನಡುವೆ ಫೋನು ಸಿಗುತ್ತದೆಂಬ ನಂಬಿಕೆ ಇರಲಿಲ್ಲ. ದೋಣಿ ಇಲ್ಲದಿದ್ದರೆ ರಸ್ತೆ ದಾರಿಯಲ್ಲಿ ಸುತ್ತಿಕೊಂಡು ನೇರ ಕಮಲಾಪುರಕ್ಕೆ, ಸಂಜೆಯ ಗಂಟಿಗೆ. ಹೀಗೆ ಎರಡನೇ ಗಂಟು ಗೊತ್ತಿದ್ದರೆ ಫೋನು ಸಿಗದಿದ್ದರೂ ಎದೆ ಢವಗುಟ್ಟುವುದಿಲ್ಲ.

ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇರುವಾಗ ನಾವು ಮಂಟಪಕ್ಕೆ ಬಂದೆವು. ನಾವೇ ಮೊದಲು. ಪ್ಯಾಸೆಂಜರ್ ಸುತ್ತ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಸುತ್ತ ನೋಡಿದಳು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವಳು ಎಕ್ಸ್‌ಪ್ರೆಸ್‌ಗೆ ಕಾಯುತ್ತಿದ್ದಳು. ಹತ್ತು ನಿಮಿಷ ಕಂಬಗಳನ್ನು ನೋಡಿದಳು. ಆಮೇಲೆ ಹೊಳೆಯ ಕಡೆ ನೋಡಲು ಶುರು ಮಾಡಿದಳು. ಒಂದೂ ಹತ್ತಕ್ಕೆ “ದೋಣಿ ಸಿಕ್ಕಿರಬಹುದಲ್ವಾ?” ಎಂದಳು. ಮತ್ತೆರಡು ನಿಮಿಷಕ್ಕೆ ಎದ್ದು ನಿಂತಳು. ಕಾಯುವುದು ಎಂದರೇನು ಎಂದು ಮೂರು ವರ್ಷದಲ್ಲಿ ಎಕ್ಸ್‌ಪ್ರೆಸ್ ಬಾಯಲ್ಲಿ ಹೇಳಿ ತಿಳಿಸಲಾಗದ್ದನ್ನು ಆ ಮಂಟಪ ಇಪ್ಪತ್ತೇ ನಿಮಿಷದಲ್ಲಿ ತಿಳಿಸಿತು.

ಒಂದೂ ಹದಿನಾಲ್ಕಕ್ಕೆ ತಳವಾರಘಟ್ಟದ ಕಡೆಯಿಂದ ಎಕ್ಸ್‌ಪ್ರೆಸ್ ಓಡಿಕೊಂಡು ಬಂದಳು. ತೆಪ್ಪದವನು ಜನ ತುಂಬುವವರೆಗೆ ಬಿಡಲೇ ಇಲ್ಲವಂತೆ. “ಹದಿನೈದಾಗಿಲ್ಲ, ಇನ್ನೂ ಒಂದು ನಿಮಿಷ ಇದೆ” ಎಂದು ಏದುಸಿರು ಬಿಡುತ್ತಾ ಗಡಿಯಾರ ತೋರಿಸಿದಳು. ಪ್ಯಾಸೆಂಜರ್ ಏನೂ ಹೇಳಲಿಲ್ಲ. ತನ್ನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟಳು.

ವಿಠ್ಠಲನ ಗುಡಿಯನ್ನು ಮಾತ್ರ ಮೂವರೂ ಒಟ್ಟಿಗೆ ನೋಡಿದೆವು. ಐವತ್ತು ರೂಪಾಯಿ ನೋಟನ್ನು ಹಿಡಿದು ಕಲ್ಲಿನ ರಥದ ಮುಂದೆ ಎಲ್ಲರೂ ತೆಗೆಸಿಕೊಳ್ಳುವ ಫೋಟೊವನ್ನು ನಾವೂ ತೆಗೆಸಿಕೊಂಡೆವು. ಅಲ್ಲಿಯೂ ಇಬ್ಬರ ವೇಗ ಬದಲಾಗಲಿಲ್ಲ. ಅರ್ಧ ಗಂಟೆಗೆ ಎಕ್ಸ್‌ಪ್ರೆಸ್ ಮುಗಿಸಿದಳು. ಆದರೆ ಬೆಳಗ್ಗೆಯಿಂದ ಎರಡು ಬೆಟ್ಟ ಹತ್ತಿ ಇಳಿದವಳ ಕಾಲಿಗೆ ಆ ಹೊತ್ತಿಗೆ ಕೂರುವುದೇ ಬೇಕಿತ್ತು. ಮಂಟಪದ ನೆರಳಲ್ಲಿ ಬ್ಯಾಗು ತಲೆದಿಂಬು ಮಾಡಿಕೊಂಡು ಒರಗಿದಳು. ಈ ಕ್ರಮ ನಾವು ಬೇಕೆಂದೇ ಇಟ್ಟದ್ದು. ಓಡುವವಳ ಶಕ್ತಿ ಬೆಳಗ್ಗೆ ಖರ್ಚಾಗಬೇಕು, ನಿಲ್ಲುವವಳ ದೊಡ್ಡ ಜಾಗ ಮಧ್ಯಾಹ್ನದ ಮೇಲೆ ಬರಬೇಕು. ತಿರುಗಿಸಿ ಇಟ್ಟರೆ, ಬೆಳಗ್ಗೆ ಏಳಕ್ಕೆ ಒಂದು ಗುಡಿಯ ಮುಂದೆ ಎಕ್ಸ್‌ಪ್ರೆಸ್‌ಳನ್ನು ನಿಲ್ಲಿಸಿದ್ದರೆ, ಯಾವ ಷರತ್ತೂ ನಮ್ಮನ್ನು ಕಾಪಾಡುತ್ತಿರಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಅಂಗಡಿ ಸಾಲಿಗೆ ನಮ್ಮ ಹತ್ತಿರ ಇನ್ನೂ ಮದ್ದಿಲ್ಲ. ಅಲ್ಲಿ ಪ್ಯಾಸೆಂಜರ್ ಒಂದು ಕೊಳ್ಳಲು ಹತ್ತು ನೋಡುತ್ತಾಳೆ, ಎಕ್ಸ್‌ಪ್ರೆಸ್ ಮೊದಲು ಸಿಕ್ಕಿದ್ದನ್ನು ಕೊಂಡು ಆಮೇಲೆ ಹಳಹಳಿಸುತ್ತಾಳೆ. ಮತ್ತೆ ಈ ಲೆಕ್ಕವೆಲ್ಲ ಮೂರನೆಯವಳೊಬ್ಬಳು ಇದ್ದುದರಿಂದ ಸುಲಭವಾಯಿತು. ಕತ್ತಲಲ್ಲಿ ಒಬ್ಬಳ ಜೊತೆ, ಬಿಸಿಲಲ್ಲಿ ಇನ್ನೊಬ್ಬಳ ಜೊತೆ ಹೋಗಿ, ನಾನು ಆ ಎರಡು ದಿನ ನಿದ್ದೆ ಮಾಡಿದ್ದು ವಾಪಸು ಬರುವ ರೈಲಿನಲ್ಲಿ.

ಆ ರೈಲಿಗೆ ಹೊಸಪೇಟೆ ಸ್ಟೇಷನ್ನಿಗೆ ನಾವು ಐವತ್ತು ನಿಮಿಷ ಮೊದಲೇ ಬಂದಿದ್ದೆವು. ಮೊದಲು ಹೊರಡಿಸಿದವಳು ಪ್ಯಾಸೆಂಜರ್. ಸ್ಟೇಷನ್ನಿಗೆ ಬಂದವಳೇ ಪ್ಲಾಟ್‌ಫಾರ್ಮಿನ ಕೊನೆಯವರೆಗೆ ಹೋಗಿ ಸಿಗ್ನಲ್ ಕಂಬ ನೋಡುತ್ತಾ ನಿಂತಳು. ಎಕ್ಸ್‌ಪ್ರೆಸ್ ಬೆಂಚಿನ ಮೇಲೆ ಕೂತು ಮೂರು ಬ್ಯಾಗುಗಳನ್ನು ತನ್ನ ಕಾಲಿನ ಹತ್ತಿರ ಎಳೆದುಕೊಂಡಳು. ಅವರವರ ಬ್ಯಾಗು ಅವರವರ ಹತ್ತಿರ ಎಂದಿತ್ತಲ್ಲ ಎಂದು ನೆನಪಿಸಿದೆ.

“ಇರಲಿ ಬಿಡೇ” ಎಂದಳು. “ರೈಲು ಬಂದಾಗ ಕೂಗಿದರಾಯ್ತು.”